ಕನಸಿಗೆ ಬರೋ ವಠಾರ

ಇವತ್ತು ಗೆಸ್ಟ್ ಯಾರೂ ಇಲ್ಲ, ನಾನೊಬ್ಬನೇ. ವಿಷಯ ಸ್ವಲ್ಪ ಪರ್ಸನಲ್. ನಾನು ಒಂದು ಕನಸನ್ನ ನಂಬಿ ಒಂದು ಲಕ್ಷದ ನಲವತ್ತನಾಲ್ಕು ಸಾವಿರ ರೂಪಾಯಿ ಅಡ್ವಾನ್ಸ್ ಕೊಡೋಕೆ ಹೊರಟಿದ್ದೆ. ಆ ಕಥೆ ಹೇಳ್ತೀನಿ.

ಕನಸು ಏನಂದ್ರೆ, ಕರೆಂಟ್ ಹೋಗಿದೆ. ನಾನು ರಾಜಾಜಿನಗರದ ನಮ್ಮ ಹಳೇ ವಠಾರದಲ್ಲಿ ಇದ್ದೀನಿ. ಎಂಟೂ ಮನೆ ಬಾಗಿಲು ತೆರೆದಿದೆ, ಎಲ್ಲರೂ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಿದ್ದಾರೆ. ಯಾರೋ ಬೀಸಣಿಗೆ ಬೀಸ್ತಿದ್ದಾರೆ, ಯಾರೋ ನಗ್ತಿದ್ದಾರೆ. ನನ್ನ ಕೈಯಲ್ಲಿ ಒಂದು ಲೋಟ ಇದೆ, ಅದರಲ್ಲಿ ಏನಿದೆ ಅಂತ ಯಾವತ್ತೂ ಗೊತ್ತಾಗಲ್ಲ. ಅಷ್ಟೇ ಕನಸು. ಭಯ ಇಲ್ಲ, ಕಥೆನೂ ಇಲ್ಲ. ಆದ್ರೆ ಎದ್ದಾಗ ಎದೆ ಭಾರ. ಸೀಲಿಂಗ್ ನೋಡ್ಕೊಂಡು ಹತ್ತು ನಿಮಿಷ ಹಾಗೇ ಬಿದ್ದಿರ್ತೀನಿ.

ವಠಾರ ಅಂದ್ರೆ ಏನು ಅಂತ ನಿಮ್ಮಲ್ಲಿ ಕೆಲವರಿಗೆ ಗೊತ್ತಿಲ್ಲದೇ ಇರಬಹುದು, ಎರಡು ಮಾತಲ್ಲಿ ಹೇಳಿಬಿಡ್ತೀನಿ. ಒಂದೇ ಕಾಂಪೌಂಡು, ಮಧ್ಯೆ ಉದ್ದಕ್ಕೆ ಓಣಿ ಥರ ಒಂದು ಅಂಗಳ, ಎರಡೂ ಕಡೆ ಸಾಲಾಗಿ ಸಣ್ಣ ಸಣ್ಣ ಬಾಡಿಗೆ ಮನೆಗಳು. ಒಂದು ರೂಮು, ಒಂದು ಅಡುಗೆಮನೆ. ನಲ್ಲಿ ಒಂದೇ, ಟಾಯ್ಲೆಟ್ ಎರಡು, ಎಂಟು ಮನೆಗೂ ಸೇರಿ. ರಾಜಾಜಿನಗರ ಶುರುವಾಗಿದ್ದೇ ಕಾರ್ಖಾನೆಗಳ ಜೊತೆ. ಈಗ ಒರಾಯನ್ ಮಾಲ್ ಇದೆಯಲ್ಲ, ಆ ಜಾಗದಲ್ಲಿ ಹಿಂದೆ ಕಿರ್ಲೋಸ್ಕರ್ ಫ್ಯಾಕ್ಟರಿ ಇತ್ತು. ಅಲ್ಲಿ ಇಲ್ಲಿ ಕೆಲಸಕ್ಕೆ ಹೋಗೋ ಸಂಸಾರಗಳಿಗೆ ಇಂಥ ವಠಾರಗಳೇ ಗತಿ. ನಾನು ಹುಟ್ಟಿದಾಗಿಂದ ಹನ್ನೆರಡು ವರ್ಷ ಆಗೋವರೆಗೂ ಅಲ್ಲೇ ಇದ್ದೆ. 2009ರಲ್ಲಿ ಓನರ್ ಕಟ್ಟಡ ಒಡೀತೀನಿ ಅಂದ್ರು, ಎಂಟು ಮನೆಯವರೂ ಎಂಟು ದಿಕ್ಕಿಗೆ ಹೋದ್ವಿ.

ಈಗ ನಾನಿರೋದು ಕೆಂಗೇರಿ ಉಪನಗರದ ಹತ್ತಿರ, ನಾಲ್ಕನೇ ಮಹಡಿ, ಒಬ್ಬನೇ. ಬಾಡಿಗೆ ಹದಿನಾರು ಸಾವಿರ. ಅಪ್ಪ ಅಮ್ಮ ಕುಣಿಗಲ್ ಕಡೆ ಊರಿಗೆ ವಾಪಸ್ ಹೋಗಿದ್ದಾರೆ. ರೆಕಾರ್ಡಿಂಗು, ಎಡಿಟಿಂಗು ಎಲ್ಲ ಮನೆಯಲ್ಲೇ. ಕಂಬಳಿ ನೇತು ಹಾಕಿರೋ ಒಂದು ಮೂಲೆಯೇ ನನ್ನ ಸ್ಟುಡಿಯೋ. ಎದುರು ಫ್ಲಾಟ್‌ನವರ ಹೆಸರು ಗೊತ್ತಿಲ್ಲ, ಅವರ ಚಪ್ಪಲಿ ಸ್ಟ್ಯಾಂಡ್ ಮಾತ್ರ ಗೊತ್ತು.

ಈ ಕನಸು ಮತ್ತೆ ಮತ್ತೆ ಬರೋಕೆ ಶುರುವಾದಾಗ ನಾನು ಮಾಡಿದ ಮೊದಲ ಕೆಲಸ, ಒಳ್ಳೇ ಬೆಂಗಳೂರಿಗನ ಥರ, ಮನೆ ಹುಡುಕೋ ಆಪ್ ತೆಗೆದಿದ್ದು. ರಾಜಾಜಿನಗರದಲ್ಲಿ, ನಮ್ಮ ಹಳೇ ರಸ್ತೆಗೆ ಎರಡು ಕ್ರಾಸ್ ಆಚೆ, ಒಂದು ಸಿಂಗಲ್ ಬೆಡ್‌ರೂಮ್ ಸಿಕ್ತು. ಬಾಡಿಗೆ ಇಪ್ಪತ್ನಾಲ್ಕು ಸಾವಿರ, ಆರು ತಿಂಗಳ ಅಡ್ವಾನ್ಸ್. ನಾನು ಬಿಕಾಂ ಓದಿರೋನು, ಲೆಕ್ಕ ಹಾಕದೇ ಇರ್ತೀನಾ? ತಿಂಗಳಿಗೆ ಎಂಟು ಸಾವಿರ ಜಾಸ್ತಿ, ವರ್ಷಕ್ಕೆ ತೊಂಬತ್ತಾರು ಸಾವಿರ. ಇಲ್ಲಿ ಕೊಟ್ಟಿರೋ ಎಂಬತ್ತು ಸಾವಿರ ಅಡ್ವಾನ್ಸ್ ವಾಪಸ್ ಬಂದ್ರೂ ಅದರ ಮೇಲೆ ಅರವತ್ನಾಲ್ಕು ಸಾವಿರ ಹೊಂದಿಸಬೇಕು. ನನ್ನ ವರಮಾನ ಒಂದು ತಿಂಗಳು ಇದ್ದ ಹಾಗೆ ಇನ್ನೊಂದು ತಿಂಗಳು ಇರಲ್ಲ. ಲೆಕ್ಕ ಬೇಡ ಅಂತಿತ್ತು, ಆದ್ರೂ ಮನಸ್ಸು ಹೋಗು ಅಂತಿತ್ತು. ಬ್ರೋಕರ್ ಹತ್ತು ಸಾವಿರ ಟೋಕನ್ ಕಳಿಸಿ ಸಾರ್, ಇಲ್ಲಾಂದ್ರೆ ಸಂಜೆ ಒಳಗೆ ಬೇರೆಯವರು ಬರ್ತಾರೆ ಅಂದ.

ಕಳಿಸೋಕೆ ಮುಂಚೆ ಅಮ್ಮನಿಗೆ ಫೋನ್ ಮಾಡಿದೆ. ಖುಷಿ ಪಡ್ತಾಳೆ ಅಂದ್ಕೊಂಡಿದ್ದೆ.

"ಅಲ್ಲಿ ಯಾರಿದ್ದಾರೋ ನಿಂಗೆ?" ಅಂದಳು.

ಉತ್ತರ ಹೊಳೀಲಿಲ್ಲ. ಟೈಲರ್ ಅಂಕಲ್ ಮನೆಯವರು ವಿಜಯನಗರ ಕಡೆ ಹೋದ್ರು. ಮೊದಲನೇ ಮನೆ ಅಜ್ಜಿ ತೀರಿಕೊಂಡ್ರು. ನರ್ಸ್ ಆಂಟಿ ಎಲ್ಲಿದ್ದಾರೋ ಗೊತ್ತಿಲ್ಲ. ನಾನು ಬಾಡಿಗೆಗೆ ತಗೊಳ್ಳೋಕೆ ಹೊರಟಿದ್ದ ಆ ಏರಿಯಾದಲ್ಲಿ ನನ್ನ ಕನಸಿನ ಒಬ್ಬ ಮನುಷ್ಯನೂ ಇರಲಿಲ್ಲ. ಟೋಕನ್ ಕಳಿಸಲಿಲ್ಲ. ಆದ್ರೆ ಒಂದು ಪ್ರಶ್ನೆ ಉಳಕೊಂಡ್ತು. ಹಾಗಾದ್ರೆ ಆ ಕನಸು ನನ್ನ ಹತ್ರ ಏನು ಕೇಳ್ತಿದೆ?

ಓದೋಕೆ ಶುರು ಮಾಡಿದೆ. ನಾಸ್ಟಾಲ್ಜಿಯಾ ಅನ್ನೋ ಪದ ನಾವು ಈಗ ರೀಲ್ಸ್‌ಗೆ ಕ್ಯಾಪ್ಶನ್ ಹಾಕೋಕೆ ಬಳಸ್ತೀವಿ. ಆದ್ರೆ ಅದು ಹುಟ್ಟಿದ್ದು ಒಂದು ಕಾಯಿಲೆ ಹೆಸರಾಗಿ. 1688ರಲ್ಲಿ ಸ್ವಿಟ್ಜರ್‌ಲೆಂಡಿನ ಬಾಸೆಲ್‌ನಲ್ಲಿ ಯೊಹಾನೆಸ್ ಹೋಫರ್ ಅನ್ನೋ ವೈದ್ಯಕೀಯ ವಿದ್ಯಾರ್ಥಿ ತನ್ನ ಪ್ರಬಂಧಕ್ಕೋಸ್ಕರ ಎರಡು ಗ್ರೀಕ್ ಪದ ಜೋಡಿಸಿ ಇದನ್ನ ಮಾಡಿದ. ನೋಸ್ಟೋಸ್ ಅಂದ್ರೆ ಮನೆಗೆ ಮರಳೋದು, ಆಲ್ಗೋಸ್ ಅಂದ್ರೆ ನೋವು. ಅವನು ಬರೆದಿರೋ ಒಂದು ಕೇಸ್ ನಂಗೆ ತುಂಬಾ ಹಿಡಿಸ್ತು. ಬರ್ನ್ ಊರಿನ ಹುಡುಗ ಬಾಸೆಲ್‌ಗೆ ಓದೋಕೆ ಬಂದು ಹಾಸಿಗೆ ಹಿಡಿದಿದ್ದ, ಸಾಯ್ತಾನೆ ಅಂತಲೇ ಅಂದ್ಕೊಂಡಿದ್ರು. ಕೊನೆಗೆ ಇವನಿಗೆ ಬೇರೆ ಔಷಧಿ ಇಲ್ಲ, ಊರಿಗೇ ಕಳಿಸಿ ಅಂದ್ರು. ಹೊರಟ. ಮನೆ ಇನ್ನೂ ದೂರ ಇರೋವಾಗಲೇ, ದಾರಿಯಲ್ಲೇ ಚೇತರಿಸಿಕೊಂಡ. ಮನೆ ಮುಟ್ಟೋ ಮುಂಚೆನೇ ಕಾಯಿಲೆ ವಾಸಿ ಅಂದ್ರೆ, ಅವನಿಗೆ ಬೇಕಾಗಿದ್ದು ಗೋಡೆ, ಚಾವಣಿ ಇರಲಿಕ್ಕಿಲ್ಲ ಅಲ್ವಾ?

ಆದ್ರೆ ಇದಕ್ಕೆ ಸ್ವಿಟ್ಜರ್‌ಲೆಂಡ್‌ವರೆಗೂ ಹೋಗಬೇಕಾಗೇ ಇರಲಿಲ್ಲ. ನಮ್ಮಲ್ಲೇ ಇದಕ್ಕೆ ಒಂದು ಪದ ಇದೆ, ತವರು. ಹುಟ್ಟಿ ಬೆಳೆದ ಮನೆಗೆ ಇಷ್ಟು ಭಾರ ಇರೋ ಪದ ಕನ್ನಡದಲ್ಲಿ ಇದೊಂದೇ, ಮತ್ತೆ ಅದನ್ನ ಹೆಚ್ಚಾಗಿ ಮದುವೆಯಾದ ಹೆಣ್ಣುಮಕ್ಕಳಿಗೇ ಬಳಸ್ತೀವಿ. ಹಿಂದೆ ಅವರೇ ತಾನೇ ಹನ್ನೆರಡಕ್ಕೋ ಹದಿನೈದಕ್ಕೋ ಮನೆ ಬಿಟ್ಟು ಬೇರೆ ಮನೆಗೆ ಹೋಗ್ತಿದ್ದವರು. ಗಂಡಸರು ಹುಟ್ಟಿದ ಮನೆಯಲ್ಲೇ ಇರ್ತಿದ್ರು, ಅವರಿಗೆ ಪದ ಬೇಕಾಗಲಿಲ್ಲ. ಈಗ ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ತಿರುಗೋ ನನ್ನಂಥವನಿಗೆ ಆ ಪದ ಸಾಲ ತಗೊಳ್ಳಬೇಕು ಅನ್ನಿಸುತ್ತೆ.

ಬೀಸುವ ಕಲ್ಲಿನ ಮುಂದೆ ಕೂತು ಹೆಂಗಸರು ಹಾಡ್ತಿದ್ದ ತ್ರಿಪದಿಗಳಲ್ಲಿ ತವರಿನ ಹಾಡುಗಳೇ ರಾಶಿ ಇವೆ. ವಿಜಯಪುರ ಜಿಲ್ಲೆಯ ಹಲಸಂಗಿ ಗೆಳೆಯರು ಇಂಥ ಹಾಡುಗಳನ್ನ ಸಂಗ್ರಹಿಸಿ 'ಗರತಿಯ ಹಾಡು' ಅನ್ನೋ ಪುಸ್ತಕ ತಂದಿದ್ದು 1931ರಲ್ಲಿ. ಕಾಲೇಜಲ್ಲಿ ಕನ್ನಡ ಪಾಠದಲ್ಲಿ ಇಂಥ ಹಾಡುಗಳು ಬಂದಾಗ ನಾನು ಕಿಟಕಿ ಆಚೆ ನೋಡ್ತಾ ಕೂತಿದ್ದೆ. ಈಗ ಓದಿದ್ರೆ ಬೇರೆನೇ ಕೇಳಿಸುತ್ತೆ. ಆ ಹೆಣ್ಣುಮಗಳು ನಸುಕಲ್ಲಿ ಎದ್ದು ಒಬ್ಬಳೇ ಜೋಳ ಬೀಸ್ತಿದ್ದಾಳೆ. ಪಕ್ಕದ ಕೋಣೆಯಲ್ಲಿ ಅತ್ತೆ ಇದ್ದಾರೆ. ಇಲ್ಲಿ ನಂಗೆ ಕಷ್ಟ, ನನ್ನನ್ನ ಇಲ್ಲಿ ಯಾರೂ ಮಾತಾಡ್ಸಲ್ಲ ಅಂತ ಹಾಡೋ ಹಾಗಿಲ್ಲ. ಆದ್ರೆ ತವರಲ್ಲಿ ಅಣ್ಣ ಎಷ್ಟು ಚೆನ್ನಾಗಿ ಮಾತಾಡ್ಸ್ತಾನೆ, ಹಡೆದವ್ವ ಹೇಗೆ ಕಾಯ್ತಿರ್ತಾಳೆ ಅಂತ ಹಾಡಬಹುದು. ಅದಕ್ಕೆ ಯಾರೂ ಬೈಯಲ್ಲ. ಅಂದ್ರೆ ತವರಿನ ಹೊಗಳಿಕೆ ಒಳಗೆ ಗಂಡನ ಮನೆಯ ದೂರು ಮುಚ್ಚಿಟ್ಟಿದೆ. ಹಾಡು ಹಳೇ ಮನೆ ಬಗ್ಗೆ, ಸುದ್ದಿ ಹೊಸ ಮನೆ ಬಗ್ಗೆ. ಇದು ನನ್ನ ಓದು, ಜಾನಪದ ಗೊತ್ತಿರೋರು ಬೇರೆ ಥರ ಹೇಳಬಹುದು. ಆದ್ರೆ ನನ್ನ ಕನಸನ್ನೂ ಹೀಗೆ ಓದಿದ್ರೆ ಹೇಗೆ ಅನ್ನಿಸ್ತು.

ಅದಕ್ಕೆ ಒಂದು ಲೆಕ್ಕದ ಪುಸ್ತಕ ಇಟ್ಟೆ. ನಗಬೇಡಿ. ಈ ಐಡಿಯಾ ಬಂದಿದ್ದು ಒಂದು ನಿಜವಾದ ಸ್ಟಡಿಯಿಂದ. 2003ರಲ್ಲಿ ಫೋಸೆ, ಹಾಬ್ಸನ್, ಸ್ಟಿಕ್‌ಗೋಲ್ಡ್ ಅನ್ನೋ ಸಂಶೋಧಕರು 29 ಜನರ ಕೈಲಿ 14 ದಿನ ಎರಡು ಡೈರಿ ಬರೆಸಿದ್ರು. ಒಂದರಲ್ಲಿ ಹಗಲು ಏನಾಯ್ತು, ಏನು ಚಿಂತೆ ಇತ್ತು ಅನ್ನೋದು, ಇನ್ನೊಂದರಲ್ಲಿ ರಾತ್ರಿ ಏನು ಕನಸು ಬಿತ್ತು ಅನ್ನೋದು. ಒಟ್ಟು 299 ಕನಸುಗಳು ಸಿಕ್ಕವು. ಅದರಲ್ಲಿ ಸುಮಾರು 65 ಪರ್ಸೆಂಟ್ ಕನಸಲ್ಲಿ ಹಗಲಿನ ಯಾವುದೋ ಒಂದು ತುಣುಕು ಇತ್ತು, ಒಂದು ಮುಖ, ಒಂದು ಚಿಂತೆ, ಒಂದು ಭಾವ. ಆದ್ರೆ ನಡೆದ ಘಟನೆ ನಡೆದ ಹಾಗೇ, ಅದೇ ಜಾಗದಲ್ಲಿ, ಸಿನಿಮಾ ರೀಪ್ಲೇ ಥರ ಬಂದಿದ್ದು ನೂರಕ್ಕೆ ಒಂದೋ ಎರಡೋ. ಕನಸು ಟೇಪ್‌ರೆಕಾರ್ಡರ್ ಅಲ್ಲ ಅಂತಾಯ್ತು. ಇವತ್ತಿನ ಚಿಂತೆ ತಗೊಂಡು, ಹಳೇ ಗೋಡೌನ್‌ನಿಂದ ಒಂದು ಸೆಟ್ ಎಳೆದು, ಎರಡನ್ನೂ ಹೊಲಿಯುತ್ತೆ. ಹಾಗಿದ್ರೆ ನನ್ನ ವಠಾರ ಆ ಸೆಟ್. ಅದರ ಮೇಲೆ ಹೊಲಿದಿರೋ ಇವತ್ತಿನ ತುಣುಕು ಯಾವುದು ಅಂತ ಹುಡುಕಬೇಕಿತ್ತು.

ಪುಸ್ತಕ ಹೇಗಿಟ್ಟೆ ಅಂದ್ರೆ, ದಿಂಬಿನ ಪಕ್ಕ ಒಂದು ನೋಟ್‌ಬುಕ್ಕು, ಒಂದು ಪೆನ್ನು. ಎದ್ದ ತಕ್ಷಣ ಫೋನ್ ಮುಟ್ಟೋ ಹಾಗಿಲ್ಲ, ಅದು ಮುಖ್ಯ. ಒಂದು ವಾಟ್ಸಾಪ್ ಮೆಸೇಜ್ ನೋಡಿದ್ರೂ ಕನಸು ಆವಿಯಾಗಿ ಹೋಗುತ್ತೆ, ಇದನ್ನ ನೀವೂ ಗಮನಿಸಿರ್ತೀರಾ. ಕಣ್ಣು ಬಿಟ್ಟಾಗ ಅಲುಗಾಡದೇ ಅರ್ಧ ನಿಮಿಷ ಹಾಗೇ ಮಲಗಿದ್ರೆ ಇನ್ನೂ ಒಂದೆರಡು ತುಣುಕು ವಾಪಸ್ ಬರುತ್ತೆ. ಎಡಗಡೆ ಕನಸು ಬರೀತಿದ್ದೆ. ಜಾಗ ಯಾವುದು, ಯಾರ್ಯಾರಿದ್ರು, ಎದ್ದಾಗ ಮೊದಲು ಅನ್ನಿಸಿದ್ದು ಏನು, ಅಷ್ಟೇ. ಅರ್ಥ ಬರೀತಿರಲಿಲ್ಲ. ಬಲಗಡೆ ಹಿಂದಿನ ದಿನದ ಖಾತೆ. ಯಾರ ಜೊತೆ ಮಾತಾಡಿದೆ, ದುಡ್ಡಿನ ವಿಷಯ ಏನಾದ್ರೂ ಇತ್ತಾ, ಏನು ಕಾಡ್ತಿತ್ತು. ಈ ಬಲಗಡೆ ಭಾಗನ ರಾತ್ರಿ ಮಲಗೋ ಮುಂಚೆನೇ ಬರೆದು ಮುಗಿಸಬೇಕು. ಕನಸು ಗೊತ್ತಾದ ಮೇಲೆ ಬರೆದ್ರೆ ಅದಕ್ಕೆ ತಕ್ಕ ಹಾಗೆ ನಿನ್ನೆಯನ್ನ ತಿದ್ದಿಬಿಡ್ತೀವಿ. ಮೊದಲ ವಾರ ನಾನು ಅದೇ ತಪ್ಪು ಮಾಡಿ ಆ ಪುಟಗಳನ್ನ ಹೊಡೆದುಹಾಕಿದೆ.

ಆಮೇಲೆ ಆರು ವಾರ ಬರೆದೆ. ಕನಸು ನೆನಪಿದ್ದ ಬೆಳಗ್ಗೆಗಳು ಹತ್ತೊಂಬತ್ತು. ಅದರಲ್ಲಿ ವಠಾರ ಬಂದಿದ್ದು ಹನ್ನೊಂದು ಸಲ. ಆ ಹನ್ನೊಂದರ ಬಲಗಡೆ ಪುಟ ನೋಡ್ತಾ ಹೋದೆ. ಎಂಟು ದಿನ, ಡೆಲಿವರಿ ಹುಡುಗನಿಗೆ ಓಟಿಪಿ ಹೇಳಿದ್ದು ಬಿಟ್ಟರೆ, ನಾನು ಒಬ್ಬ ಮನುಷ್ಯನ ಮುಖ ನೋಡಿ ಮಾತಾಡಿರಲಿಲ್ಲ. ಇನ್ನು ಮೂರು ದಿನ ಬಾಡಿಗೆ, ಇಎಂಐ ಹತ್ತಿರ ಬಂದಿತ್ತು. ವಠಾರ ಬರದ ಎಂಟು ಬೆಳಗ್ಗೆಗಳಲ್ಲಿ ಆರರ ಹಿಂದಿನ ದಿನ ಯಾರನ್ನೋ ಭೇಟಿ ಮಾಡಿದ್ದೆ. ಇದನ್ನ ಯಾರಾದ್ರೂ ಸಿಎ ಆಡಿಟ್ ಮಾಡಿದ್ರೆ ಸಹಿ ಹಾಕಲ್ಲ ಬಿಡಿ. ಒಬ್ಬನೇ ಮನುಷ್ಯ, ಹತ್ತೊಂಬತ್ತು ಎಂಟ್ರಿ, ಅದೂ ತನ್ನ ಲೆಕ್ಕ ತಾನೇ ಬರ್ಕೊಂಡಿರೋನು. ಪ್ರೂಫ್ ಅಂತ ಹೇಳ್ತಿಲ್ಲ. ಆದ್ರೆ ನಂಗೆ ಅಷ್ಟು ಸಾಕಾಯ್ತು.

ಎಡಗಡೆ ಪುಟದಲ್ಲೂ ಒಂದು ವಿಷಯ ಕಂಡ್ತು. ಹನ್ನೊಂದು ಕನಸಲ್ಲಿ ಒಂದರಲ್ಲೂ ನಾನು ಮನೆ ಒಳಗೆ ಇರಲಿಲ್ಲ. ಯಾವಾಗಲೂ ಅಂಗಳದಲ್ಲಿ, ಮೆಟ್ಟಿಲ ಮೇಲೆ, ಇಲ್ಲಾ ಯಾರದೋ ಹೊಸ್ತಿಲಲ್ಲಿ. ಮನೆ ಮನೆ ಅಂತ ನಾನು ಅಳ್ತಿದ್ದೆ, ಕನಸು ನಂಗೆ ಮನೆ ತೋರಿಸ್ತಾನೇ ಇರಲಿಲ್ಲ. ತೆರೆದ ಬಾಗಿಲು ತೋರಿಸ್ತಿತ್ತು.

ಇದರ ಬಗ್ಗೆ ಸೈಕಾಲಜಿಯಲ್ಲಿ ಸುಮಾರು ಕೆಲಸ ಆಗಿದೆ, ಎಲ್ಲ ಹೇಳಲ್ಲ. ಇಂಗ್ಲೆಂಡಿನ ಸೌತಾಂಪ್ಟನ್ ಯೂನಿವರ್ಸಿಟಿಯ ಟಿಮ್ ವೈಲ್ಡ್‌ಶಟ್, ಕಾನ್‌ಸ್ಟಂಟೈನ್ ಸೆಡಿಕಿಡಿಸ್ ಮತ್ತೆ ಅವರ ಜೊತೆಯವರು 2006ರಲ್ಲಿ ಒಂದು ಪೇಪರ್ ಬರೆದ್ರು. ಹಳೇದೆಲ್ಲ ನೆನಪಾಗಿ ಕಾಡೋದು ಹೆಚ್ಚಾಗಿ ಮನಸ್ಸು ಕುಗ್ಗಿದಾಗ, ಅದರಲ್ಲೂ ಒಂಟಿತನ ಇದ್ದಾಗ ಅಂತ ಅವರಿಗೆ ಕಂಡ್ತು. ಎರಡು ವರ್ಷದ ಮೇಲೆ ಅದೇ ಗುಂಪು ಚೀನಾದಲ್ಲಿ, ಹಳ್ಳಿಯಿಂದ ನಗರಕ್ಕೆ ವಲಸೆ ಬಂದ ಮಕ್ಕಳ ಜೊತೆ ಮಾತಾಡಿದಾಗಲೂ ಅದೇ. ಒಂಟಿ ಅನ್ನಿಸೋ ಮಕ್ಕಳೇ ಹೆಚ್ಚು ಹಳೇದನ್ನ ನೆನೀತಿದ್ರು. ಆದ್ರೆ ಹಾಗೆ ನೆನೆಯೋದ್ರಿಂದಲೇ ನಂಗೂ ಜನ ಇದ್ದಾರೆ ಅನ್ನೋ ಧೈರ್ಯನೂ ಸ್ವಲ್ಪ ಬರ್ತಿತ್ತು. ಚಳಿಗೆ ಹಳೇ ಸ್ವೆಟರ್ ಹಾಕ್ಕೊಂಡ ಹಾಗೆ. ಎಲ್ಲರೂ ಇದನ್ನ ಒಪ್ಪಲ್ಲ ಅನ್ನೋದನ್ನೂ ಹೇಳಬೇಕು. 2020ರಲ್ಲಿ ಡೇವಿಡ್ ನ್ಯೂಮನ್ ಅನ್ನೋರು ಮತ್ತೆ ಜೊತೆಗಾರರು ಜನರ ದಿನನಿತ್ಯದ ಬದುಕಲ್ಲೇ, ಲ್ಯಾಬ್ ಬಿಟ್ಟು, ಇದನ್ನ ನೋಡಿದ್ರು. ಲ್ಯಾಬಲ್ಲಿ ಕೂರಿಸಿ ಒಂದು ಒಳ್ಳೇ ನೆನಪು ಬರೀರಿ ಅಂದ್ರೆ ಖುಷಿ ಆಗುತ್ತೆ. ಆದ್ರೆ ಮಂಗಳವಾರ ಮಧ್ಯಾಹ್ನ ಕೆಲಸದ ಮಧ್ಯೆ ತಾನಾಗೇ ಬರೋ ನೆನಪು ಅಷ್ಟು ಸಿಹಿ ಇರಲ್ಲ, ಬೇಜಾರಿನ ಜೊತೆನೇ ಬರುತ್ತೆ ಅಂತ ಅವರು ಹೇಳ್ತಾರೆ. ನನ್ನ ಬೆಳಗಿನ ಎದೆಭಾರ ನ್ಯೂಮನ್ ಕಡೆ ಓಟು ಹಾಕುತ್ತೆ.

ಸರಿ, ನಂಗೆ ಬೇಕಾಗಿರೋದು ಜನ, ತೆರೆದ ಬಾಗಿಲು ಅಂತ ತೀರ್ಮಾನ ಮಾಡಿ ಮತ್ತೆ ಅಮ್ಮನಿಗೆ ಫೋನ್ ಮಾಡಿದೆ. ಆಗೆಲ್ಲ ಬಾಗಿಲು ಯಾವಾಗಲೂ ತೆರೆದೇ ಇರ್ತಿತ್ತಲ್ಲಮ್ಮ, ಎಷ್ಟು ಚೆನ್ನಾಗಿತ್ತು ಅಂದೆ.

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಕಿಟಕಿ ಇರಲಿಲ್ಲ ಕಣೋ, ಅದಕ್ಕೆ ತೆಗೆದಿರ್ತಿದ್ವಿ" ಅಂದಳು.

ಇದ್ದ ಒಂದು ಕಿಟಕಿ ಪಕ್ಕದ ಕಟ್ಟಡದ ಗೋಡೆಗೆ ಮುಖ ಮಾಡಿತ್ತಂತೆ. ಸ್ಟವ್ ಹಚ್ಚಿದ್ರೆ ಹೊಗೆ, ಬೇಸಿಗೆಯಲ್ಲಿ ಸೆಕೆ, ಬಾಗಿಲು ಹಾಕಿದ್ರೆ ಉಸಿರು ಕಟ್ಟೋದು. ಬಾಗಿಲು ತೆರೆದಿದ್ರೆ ಓಣಿಯಲ್ಲಿ ಹೋಗೋರೆಲ್ಲ ಒಳಗೆ ಏನು ಅಡುಗೆ ಅಂತ ನೋಡೋರು. ಸೀರೆ ಬದಲಾಯಿಸಬೇಕು ಅಂದ್ರೂ ಮಂಚಕ್ಕೆ ಅಡ್ಡ ಬೆಡ್‌ಶೀಟ್ ಕಟ್ಟಬೇಕು. ದಿನ ಬಿಟ್ಟು ದಿನ ನೀರು, ಅದೂ ನಾಲ್ಕೂವರೆಗೆ. ಎಂಟು ಮನೆ ಕೊಡ ಸಾಲಾಗಿಟ್ಟು ಕಾಯಬೇಕು, ಪಾಳಿ ತಪ್ಪಿದ್ರೆ ಜಗಳ. "ನೀನು ಮಲಗಿರ್ತಿದ್ದೆ. ಎದ್ದಾಗ ನಿಂಗೆ ಡ್ರಮ್ ತುಂಬಿರೋದಷ್ಟೇ ಕಾಣ್ತಿತ್ತು" ಅಂದಳು. ಆ ಮನೆ ಕನಸಲ್ಲಿ ಬಂದ್ರೆ ಅವಳಿಗೆ ಬರೋದು ಒಂದೇ ಥರವಂತೆ. ಕೊಡ ಹಿಡ್ಕೊಂಡು ನಿಂತಿರ್ತಾಳೆ, ಅವಳ ಪಾಳಿ ಬಂದಾಗ ನೀರು ನಿಂತುಹೋಗುತ್ತೆ.

ಒಂದೇ ಅಂಗಳ. ನಂಗೆ ಹಬ್ಬ, ಅಮ್ಮನಿಗೆ ಡ್ಯೂಟಿ.

ಹಳೇ ಕಾಲ ಚೆನ್ನಾಗಿತ್ತು ಅಂತ ಯಾರಾದ್ರೂ ಹೇಳಿದಾಗ ಆ ಚೆನ್ನಾಗಿರೋದಕ್ಕೆ ನಾಲ್ಕೂವರೆಗೆ ಎದ್ದು ನೀರು ಹಿಡಿದೋರು ಯಾರು ಅಂತ ಕೇಳಬೇಕು ಅಂತ ಅವತ್ತಿಂದ ನಂಗೆ ಒಂದು ಅಭ್ಯಾಸ ಆಗಿದೆ. ಮೆದುಳೂ ಇದರಲ್ಲಿ ಪಾಲುದಾರ. ಕೆಟ್ಟ ಘಟನೆಗಳ ನೋವು ಒಳ್ಳೇ ಘಟನೆಗಳ ಖುಷಿಗಿಂತ ಬೇಗ ಮಾಸುತ್ತೆ ಅಂತ ನೆನಪಿನ ಮೇಲೆ ಕೆಲಸ ಮಾಡೋರು ಮತ್ತೆ ಮತ್ತೆ ಕಂಡುಕೊಂಡಿದ್ದಾರೆ. ಘಟನೆ ನೆನಪಿರುತ್ತೆ, ಅದರ ಚುಚ್ಚು ಹೋಗಿರುತ್ತೆ. ಟಾಯ್ಲೆಟ್ ಮುಂದೆ ಕ್ಯೂ ನಿಂತಿದ್ದು ನಂಗೂ ನೆನಪಿದೆ, ಆದ್ರೆ ಈಗ ಅದು ಜೋಕ್ ಆಗಿದೆ. ಅವತ್ತು ಜೋಕ್ ಆಗಿರಲಿಲ್ಲ, ಸ್ಕೂಲಿಗೆ ಲೇಟಾಗಿ ಅತ್ತಿದ್ದೆ.

ಆಮೇಲೆ ಅಮ್ಮನ್ನ ಕೇಳಿದೆ, ನಿನ್ನ ತವರು ಕನಸಲ್ಲಿ ಬರುತ್ತಾ ಅಂತ. ಅವಳ ತವರು ಮಾಗಡಿ ಕಡೆ ಒಂದು ಹಳ್ಳಿ. "ವಠಾರದಲ್ಲಿದ್ದಾಗ ವಾರಕ್ಕೆರಡು ಸಲ ಬರೋದು. ಬಾವಿ, ಹಿತ್ತಿಲು, ಅಪ್ಪ. ಈಗ ಬರಲ್ಲ. ಈಗ ಇಲ್ಲೇ ಹಿತ್ತಿಲಿದೆಯಲ್ಲ, ಕರಿಬೇವು ಹಾಕಿದ್ದೀನಿ" ಅಂದಳು. ಯಾವ ಪುಸ್ತಕನೂ ಓದದೇ ಹೇಳಿದ ಮಾತು. ನಾನು ಆರು ವಾರ ಲೆಕ್ಕ ಬರೆದಿದ್ದೆ.

ಆದ್ರೂ ಒಂದು ಸಲ ಜಾಗ ನೋಡಿ ಬರೋಣ ಅನ್ನಿಸ್ತು. ಹೀಗೆ ಅನ್ನಿಸೋದು ನನಗೊಬ್ಬನಿಗೇ ಅಲ್ಲ. ಜೆರಿ ಬರ್ಗರ್ ಅನ್ನೋ ಅಮೆರಿಕದ ಸೈಕಾಲಜಿಸ್ಟ್ ಇದರ ಬಗ್ಗೆನೇ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಅಲ್ಲಿ ಮೂವತ್ತು ದಾಟಿದವರಲ್ಲಿ ಸುಮಾರು ಮೂರರಲ್ಲಿ ಒಬ್ಬರು ಬಾಲ್ಯದ ಮನೆ ನೋಡೋಕೆ ಅಂತಲೇ ಹೋಗಿ ಬಂದಿರ್ತಾರಂತೆ. ಕೆಲವರು ಸುಮ್ಮನೆ ನೆನಪಿಗೆ, ಕೆಲವರು ಬದುಕಲ್ಲಿ ಏನೋ ತೀರ್ಮಾನ ತಗೊಳ್ಳೋ ಹೊತ್ತಲ್ಲಿ, ಕೆಲವರು ಅಲ್ಲಿ ಆದ ಒಂದು ಗಾಯ ಮುಗಿಸಿ ಬರೋಕೆ. ನಾನು ಎರಡನೇ ಗುಂಪು. ಮೂರನೇ ಗುಂಪಿನವರು ಒಬ್ಬರೇ ಹೋಗದೇ ಇರೋದು ಒಳ್ಳೇದು ಅಂತ ನನ್ನ ಅನಿಸಿಕೆ.

ಒಂದು ಭಾನುವಾರ ಕೆಂಗೇರಿಯಿಂದ ನೇರಳೆ ಲೈನಲ್ಲಿ ಮೆಜೆಸ್ಟಿಕ್, ಅಲ್ಲಿ ಹಸಿರು ಲೈನಿಗೆ ಬದಲಾಯಿಸಿ ರಾಜಾಜಿನಗರ ಸ್ಟೇಷನ್. ಚಿಕ್ಕವನಿದ್ದಾಗ ಆ ಕೊನೆಯಿಂದ ಈ ಕೊನೆಗೆ ಬರೋದು ಅಂದ್ರೆ ಅರ್ಧ ದಿನದ ಪ್ರಯಾಣ ಅನ್ನಿಸ್ತಿತ್ತು. ವಠಾರ ಇದ್ದ ಜಾಗದಲ್ಲಿ ಈಗ ಕೆಳಗೆ ಪಾರ್ಕಿಂಗು, ಮೇಲೆ ನಾಲ್ಕು ಫ್ಲೋರು, ಬೂದು ಬಣ್ಣದ ಟೈಲ್ಸು. ಮುಂದಿನ ಲೈಟ್ ಕಂಬ ಮಾತ್ರ ಅದೇ ಅನ್ನಿಸ್ತು, ಅದೂ ಗ್ಯಾರಂಟಿ ಇಲ್ಲ. ವಾಚ್‌ಮನ್ ಬಂದು "ಯಾರು ಬೇಕು ಸಾರ್?" ಅಂದ್ರು. ಯಾರೂ ಇಲ್ಲ ಅಂದೆ. ಹತ್ತು ನಿಮಿಷ ನಿಂತು, ಕಾಫಿ ಕುಡಿದು ವಾಪಸ್ ಬಂದೆ. ಅಳು ಬರಲಿಲ್ಲ, ಬರುತ್ತೆ ಅಂದ್ಕೊಂಡಿದ್ದೆ. ಮೂರು ದಿನದ ಮೇಲೆ ಕನಸು ಬಂತು. ವಠಾರ ಇದ್ದ ಹಾಗೇ ಇತ್ತು, ನಲ್ಲಿ ಪಕ್ಕ ಒಂದು ಲಿಫ್ಟ್ ಇತ್ತು. ಅಜ್ಜಿ ಅದರೊಳಗೆ ಹಪ್ಪಳ ಒಣ ಹಾಕಿದ್ರು.

ಆಮೇಲೆ ಮಾಡಿದ್ದು, ಮೊದಲೇ ಮಾಡಬೇಕಾಗಿದ್ದ ಕೆಲಸ. ಟೈಲರ್ ಅಂಕಲ್ ಮಗನ ನಂಬರು ಅಮ್ಮ ಯಾರನ್ನೋ ಕೇಳಿ ಕೊಟ್ಟಳು. ನನಗಿಂತ ಎರಡು ವರ್ಷ ದೊಡ್ಡವನು, ಈಗ ಅತ್ತಿಗುಪ್ಪೆಯಲ್ಲಿ ಇದ್ದಾನೆ. ನನ್ನ ಸ್ಟೇಷನ್‌ನಿಂದ ಎಂಟನೇ ಸ್ಟಾಪ್. 2021ರ ಆಗಸ್ಟ್‌ನಲ್ಲಿ ಕೆಂಗೇರಿಗೆ ಮೆಟ್ರೋ ಬಂದಾಗಿಂದ ನಾನು ಎಷ್ಟು ಸಲ ಅವನ ಮನೆ ಪಕ್ಕದಲ್ಲೇ ಹಾದುಹೋಗಿದ್ದೀನೋ ಲೆಕ್ಕ ಇಲ್ಲ.

ದರ್ಶಿನಿಯಲ್ಲಿ ಭೇಟಿಯಾದ್ವಿ. ಮೊದಲ ಹದಿನೈದು ನಿಮಿಷ ಕಷ್ಟ ಆಯ್ತು. ಏನ್ ಕೆಲಸ, ಮದುವೆ ಆಯ್ತಾ, ಟ್ರಾಫಿಕ್ಕು. ನಾನು ಕರೆಂಟ್ ಹೋದಾಗಿನ ರಾತ್ರಿಗಳ ಬಗ್ಗೆ ಹೇಳಿದೆ. ಎಲ್ಲ ಬಾಗಿಲೂ ತೆರೆದಿರ್ತಿತ್ತಲ್ಲ, ಎಲ್ಲರೂ ಹೊರಗೆ ಇರ್ತಿದ್ವಲ್ಲ ಅಂದೆ.

ಅವನು ನಕ್ಕ. "ಹೂಂ ಕಣೋ, ಕರೆಂಟ್ ಹೋದಾಗ ಮಾತ್ರ. ಇದ್ದಾಗ ನಿಮ್ಮನೆ ಬಾಗಿಲು ಹಾಕಿರೋದು" ಅಂದ.

ನಂಗೆ ಅರ್ಥ ಆಗಲಿಲ್ಲ. ಆಗ ವಠಾರದಲ್ಲಿ ಕೇಬಲ್ ಇದ್ದಿದ್ದು ನಮ್ಮನೆಯಲ್ಲಿ, ಇನ್ನೊಂದು ಮನೆಯಲ್ಲಿ ಅಷ್ಟೇ. ಅವನು, ಅವನ ತಂಗಿ ಸಂಜೆ ಹೊಸ್ತಿಲಲ್ಲಿ ಕೂತು ನೋಡ್ತಿದ್ರು. ನಂಗೆ ಪರೀಕ್ಷೆ ಹತ್ತಿರ ಬಂದಾಗ, ನೆಂಟರು ಬಂದಾಗ ಅಮ್ಮ ಬಾಗಿಲು ಮುಂದೂಡಿಬಿಡ್ತಿದ್ದಳಂತೆ. ಇವರಿಬ್ಬರೂ ಆಚೆ ನಿಂತು ಸೌಂಡ್ ಮಾತ್ರ ಕೇಳಿಸ್ಕೊಳ್ತಿದ್ರಂತೆ. ಬೇಜಾರಿಂದ ಹೇಳಲಿಲ್ಲ, ಜೋಕ್ ಥರನೇ ಹೇಳಿದ. ಚುಚ್ಚು ಮಾಸಿರಬೇಕು. ನನ್ನ ನೆನಪಲ್ಲಿ ಆ ಮುಚ್ಚಿದ ಬಾಗಿಲು ಇಲ್ಲವೇ ಇಲ್ಲ. ಯಾಕಂದ್ರೆ ನಾನು ಒಳಗಿದ್ದೆ.

ಹನ್ನೊಂದು ಕನಸಲ್ಲಿ ಒಂದರಲ್ಲೂ ನಾನು ಒಳಗೆ ಇರಲಿಲ್ಲ ಅಂತ ಹೇಳಿದ್ದೆನಲ್ಲ. ಅದಕ್ಕೂ ಇದಕ್ಕೂ ಸಂಬಂಧ ಇದೆ ಅಂತ ಹೇಳೋಕೆ ಆಸೆ ಆಗುತ್ತೆ, ಎಪಿಸೋಡ್‌ಗೆ ಒಳ್ಳೇ ಟ್ವಿಸ್ಟ್ ಸಿಗುತ್ತೆ. ಆದ್ರೆ ಲೆಕ್ಕದಲ್ಲಿ ಇಲ್ಲದ ಎಂಟ್ರಿ ಹಾಕಬಾರದು. ಅವನಿಗೆ ಸಾರಿ ಕಣೋ ಅಂದೆ, ಅವನು ಇನ್ನೊಂದು ಕಾಫಿ ಹೇಳು ಅಂದ. ಅದಾದ ಮೇಲೆ ಒಂದೂವರೆ ಗಂಟೆ ಹೇಗೆ ಹೋಯ್ತೋ ಗೊತ್ತಾಗಲಿಲ್ಲ.

ಮಧ್ಯೆ ಒಂದು ವಿಷಯ ಹೇಳಿಬಿಡ್ತೀನಿ. ನನ್ನದು ಬರೀ ಎದೆಭಾರದ ಕನಸು. ನಿಮಗೆ ಹಳೇ ಮನೆ ಭಯದ ಜೊತೆ ಬರ್ತಿದ್ರೆ, ಅಲ್ಲಿ ಆದ ಕೆಟ್ಟದ್ದೇ ಮತ್ತೆ ಮತ್ತೆ ಆದ ಹಾಗೇ ಕಾಣ್ತಿದ್ರೆ, ಮಲಗೋಕೇ ಹೆದರಿಕೆ ಆಗ್ತಿದ್ರೆ, ಅದು ನಾಸ್ಟಾಲ್ಜಿಯಾ ಅಲ್ಲ. ಅದಕ್ಕೆ ನನ್ನ ನೋಟ್‌ಬುಕ್ ಸಾಲದು. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, 14416, ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಮುಂದಿನ ಭಾನುವಾರ ಅವನು ಹೆಂಡತಿ, ಮಗಳ ಜೊತೆ ಕೆಂಗೇರಿಗೆ ಬರ್ತೀನಿ ಅಂದ. ಮನೆಗೆ ಬಂದು ನೋಡ್ತೀನಿ, ನನ್ನ ಹತ್ರ ಇರೋದು ಒಂದೇ ಕುರ್ಚಿ, ಅದೂ ಎಡಿಟಿಂಗ್ ಟೇಬಲ್‌ದು. ಶನಿವಾರ ಸಂಜೆ ಎದುರು ಫ್ಲಾಟ್ ಬೆಲ್ ಒತ್ತಿದೆ. ಒಬ್ಬರು ಆಂಟಿ ಬಾಗಿಲು ತೆಗೆದ್ರು, ಸೇಫ್ಟಿ ಚೈನ್ ತೆಗೀಲಿಲ್ಲ. ಎದುರು ಮನೆಯವನು, ನಾಳೆ ನೆಂಟರು ಬರ್ತಿದ್ದಾರೆ, ಒಂದೆರಡು ಕುರ್ಚಿ ಸಿಗುತ್ತಾ ಅಂದೆ. "ಓ, ದಿನಾ ಒಬ್ಬರೇ ಮಾತಾಡ್ತಿರ್ತೀರಲ್ಲ, ಅದು ನೀವೇನಾ?" ಅಂದ್ರು. ರೆಕಾರ್ಡಿಂಗ್ ಅವರಿಗೆಲ್ಲ ಕೇಳಿಸುತ್ತಂತೆ. ಚೈನ್ ತೆಗೆದು ಮೂರು ಪ್ಲಾಸ್ಟಿಕ್ ಕುರ್ಚಿ ಕೊಟ್ರು, ಕೆಂಪು ಬಣ್ಣದ್ದು, ಒಂದರ ಕಾಲು ಸ್ವಲ್ಪ ಅಲ್ಲಾಡುತ್ತೆ. ಆ ಕುರ್ಚಿಗಳು ಇನ್ನೂ ನನ್ನ ಹತ್ರನೇ ಇವೆ, ಇವತ್ತು ಸಂಜೆ ವಾಪಸ್ ಕೊಡಬೇಕು. ಸಿಗೋಣ.